ಮೂರೂವರೆ ಸಾವಿರದ ಗೆರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಸಂಬಳದ ಪಟ್ಟಿ ಬರೆಯುತ್ತಿದ್ದೆ. ಬಿ.ಕಾಂ. ಮುಗಿಸಿ ಸೇರಿದ ಮೊದಲ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಯಂತ್ರಗಳ ಒಂದೇ ಸಮನಾದ ಸದ್ದಿಗೆ ಕಟ್ಟಡವೇ ತೂಕಡಿಸುತ್ತಿದೆ ಅನ್ನಿಸುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಕಾಗದದ ಧೂಳು ತೇಲುತ್ತಿತ್ತು. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಮಾತಾಡಿದರೂ ಎಲ್ಲೋ ದೂರದಿಂದ ಕೇಳಿದ ಹಾಗೆ.

ಬೈಂಡಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದವರು ಶ್ರೀರಾಂಪುರದಿಂದ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು. ಇಪ್ಪತ್ತೆರಡು ವರ್ಷದ ಸರ್ವಿಸು. ಎಲ್ಲರಿಗೂ ಅಕ್ಕ. ಹಾಳೆ ಮಡಿಸುವಾಗ ಅವರು ಕೈ ನೋಡುತ್ತಲೇ ಇರಲಿಲ್ಲ. ಕಣ್ಣು ಹೊರಗಿನ ಹೊಂಗೆ ಮರದಲ್ಲಿ, ಕೈ ತನ್ನಷ್ಟಕ್ಕೆ.

ಒಂದು ಮಾರ್ಚ್ ಕೊನೆಗೆ ಯಜಮಾನರು ಹೊಸ ವರ್ಷದ ಸಂಬಳ ಏರಿಕೆಯ ಚೀಟಿ ಕೊಟ್ಟರು. ಅಕ್ಕನಿಗೆ ನೂರೈವತ್ತು. ಮೂಲವೇತನ, ತುಟ್ಟಿಭತ್ಯೆ ಸೇರಿ ಮೂರು ಸಾವಿರದ ನಾನೂರು ಇದ್ದದ್ದು ಮೂರು ಸಾವಿರದ ಐನೂರೈವತ್ತು ಆಗುತ್ತಿತ್ತು. ನನ್ನ ಪೆನ್ಸಿಲ್ ನಿಂತಿತು. ಆಗಿನ ಕಾನೂನಿನಲ್ಲಿ ಮೂರೂವರೆ ಸಾವಿರ ದಾಟಿದವರಿಗೆ ಬೋನಸ್ಸಿನ ಹಕ್ಕಿರಲಿಲ್ಲ.

ಮರುದಿನ ಅವರನ್ನು ಕರೆದು ಕೂರಿಸಿ ಹೇಳಿದೆ. ಮೊದಲ ಮಾತಿಗೆ ಅರಳಿದ ಮುಖ ಎರಡನೆಯದಕ್ಕೆ ಹಾಗೇ ನಿಂತಿತು.

"ನೂರೈವತ್ತಂದ್ರೆ ವರ್ಷಕ್ಕೆ ಹದಿನೆಂಟು ನೂರು ಬರುತ್ತಕ್ಕಾ. ಬೋನಸ್ ಕಡಿಮೆ ಅಂದ್ರೂ ಎರಡೂವರೆ ಸಾವಿರ ಹೋಗುತ್ತೆ."

"ಕಡಿಮೆ ಅಂದ್ರೂ ಅಂದ್ರೆ?"

"ಕಂಪನಿಗೆ ನಷ್ಟ ಆದ್ರೂ ವರ್ಷದ ಸಂಬಳದಲ್ಲಿ ನೂರಕ್ಕೆ ಎಂಟು ರೂಪಾಯಿ ಮೂವತ್ಮೂರು ಪೈಸೆ ಕೊಡ್ಲೇಬೇಕು. ಲಾಭ ಎಷ್ಟೇ ಬರಲಿ, ಕಾನೂನಿನ ಬೋನಸ್ಸು ಇಪ್ಪತ್ತರ ಮೇಲೆ ಹೋಗಲ್ಲ."

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದರು. "ನಂದು ಮೂರು ಸಾವಿರದ ನಾನೂರಲ್ವೇನಮ್ಮಾ? ಇನ್ನೂ ಜಾಸ್ತಿ ಆಗ್ಬೇಕಲ್ಲ?"

"ಸಂಬಳ ಎಷ್ಟೇ ಇದ್ರೂ ತಿಂಗಳಿಗೆ ಎರಡೂವರೆ ಸಾವಿರದ ತನಕ ಮಾತ್ರ ಹಿಡೀತಾರೆ."

"ಹಂಗಾದ್ರೆ ಹೋದ್ವರ್ಷ ಸೇರಿದ ಆಯಮ್ಮನಿಗೂ ನಂಗೂ ಒಂದೇನಾ?"

ಆಯಮ್ಮ ಎಂದರೆ ಅವರ ಪಕ್ಕದಲ್ಲೇ ಕೂತು ಹೊಲಿಗೆ ಹಾಕುತ್ತಿದ್ದ ಹೆಂಗಸು. ಆಕೆಯ ಸಂಬಳ ಸರಿಯಾಗಿ ಎರಡೂವರೆ ಸಾವಿರ. ನಾನು ಹೂಂ ಎಂದೆ.

"ಇಷ್ಟು ವರ್ಷ ನನ್ನ ಸಂಬಳದ ಕವರು ನಾನು ತಗೊಂಡು ಹೋಗಿದೀನಿ. ಇನ್ನೊಬ್ಬರ ಕವರು ನೋಡ್ದೋಳಲ್ಲ," ಎಂದರು. ಹೊಂಗೆ ಮರದ ಕಡೆ ತಿರುಗಿ ಕೇಳಿದರು: "ಮೇಲಿನ ಒಂಬೈನೂರು ಎಲ್ಲಿಗೆ ಹೋಗುತ್ತಮ್ಮಾ?"

"ಎಲ್ಲಿಗೂ ಹೋಗಲ್ಲಕ್ಕಾ. ಸಂಬಳದಲ್ಲಿ ಬಂದಿರುತ್ತೆ. ಬೋನಸ್ ಲೆಕ್ಕಕ್ಕೆ ಹಿಡಿಯಲ್ಲ ಅಷ್ಟೇ."

ನನ್ನ ಉತ್ತರ ನನಗೇ ಟೊಳ್ಳು ಅನ್ನಿಸಿತು. ಅಕ್ಕ ಎದ್ದರು. "ಯಜಮಾನರಿಗೆ ಹೇಳ್ಬಿಡು, ನಂಗೆ ಜಾಸ್ತಿ ಸಂಬಳ ಬೇಡ ಅಂತ."

ಮಾರನೆಯ ದಿನ ಹೋಗಿ ಹೇಳಿದೆ. ಯಜಮಾನರು ಕನ್ನಡಕ ತೆಗೆದರು. "ಸಂಬಳ ಬೇಡ ಅಂದೋರನ್ನ ಇದೇ ಮೊದ್ಲು ನೋಡ್ತಿರೋದು."

ರಾತ್ರಿಯೆಲ್ಲ ಯೋಚಿಸಿದ್ದನ್ನು ಆಗ ಹೇಳಿಬಿಟ್ಟೆ. "ಸಾರ್, ಆ ನೂರೈವತ್ತನ್ನ ಮನೆ ಬಾಡಿಗೆ ಭತ್ಯೆ ಅಂತ ಕೊಡಬಹುದು. ಅದು ಬೋನಸ್ಸಿನ ಸಂಬಳಕ್ಕೆ ಸೇರಲ್ಲ. ಅವ್ರು ಬಾಡಿಗೆ ಮನೇಲೇ ಇರೋದು."

"ಪಿ.ಎಫ್. ಕಟ್ಟಲ್ಲ ಅದರ ಮೇಲೆ. ಹೇಳಿದೀಯಾ?"

"ಹೇಳ್ತೀನಿ ಸಾರ್."

ಹೇಳಿದೆ. ಅಕ್ಕ ತಲೆಯಾಡಿಸಿ ಒಪ್ಪಿದರು. ಅವರ ಸಂಬಳ ಗೆರೆಯ ಈಚೆಗೇ ಉಳಿಯಿತು.

ಆ ವರ್ಷದ ಲೆಕ್ಕಪತ್ರ ಮುಗಿದು ಬೋನಸ್ ಬಂದದ್ದು ಮುಂದಿನ ವರ್ಷದ ದೀಪಾವಳಿಗೆ. ಶೇಕಡ ಹನ್ನೆರಡು. ಅಕ್ಕನಿಗೂ ಆಯಮ್ಮನಿಗೂ ಮೂರು ಸಾವಿರದ ಆರುನೂರು. ಸಹಿ ಹಾಕುವಾಗ ಅಕ್ಕ ಪಟ್ಟಿಯಲ್ಲಿ ಎರಡು ಸಾಲುಗಳ ಮೇಲೂ ಬೆರಳಾಡಿಸಿದರು. ಆಮೇಲೆ ಆಯಮ್ಮನ ಕಡೆ ತಿರುಗಿ, "ನಿನ್ನ ಹೊಲಿಗೆ ಚೆನ್ನಾಗಿ ಬರ್ತಿದೆ ಕಣೇ," ಎಂದರು. ಆಯಮ್ಮನಿಗೆ ಏನೂ ಅರ್ಥವಾಗಲಿಲ್ಲ. ನಾನು ತಲೆ ಎತ್ತಲಿಲ್ಲ.

ಆ ಹಣದಲ್ಲಿ ಅಕ್ಕ ಹೊಸ ಹತ್ತಿ ಹಾಸಿಗೆ ಮಾಡಿಸಿದರು. ಹುಟ್ಟಿದಾಗಿನಿಂದ ಚಾಪೆಯ ಮೇಲೆ ಮಲಗಿದ ಮೈಗೆ ಮೊದಲ ಮೂರು ದಿನ ನಿದ್ದೆಯೇ ಹತ್ತಲಿಲ್ಲವಂತೆ. ನಾಲ್ಕನೆಯ ದಿನ ಅವರು ಪ್ರೆಸ್ಸಿಗೆ ಬಂದಾಗ ಹತ್ತೂವರೆ. ಕೆನ್ನೆಯ ಮೇಲೆ ದಿಂಬಿನ ಗುರುತು ಇನ್ನೂ ಹಾಗೇ ಇತ್ತು.

"ತೇಲ್ದಂಗಾಯ್ತಮ್ಮಾ. ಏಳೋಕೇ ಮನಸ್ಸು ಬರ್ಲಿಲ್ಲ," ಎಂದು ನಾಚಿ ನಕ್ಕರು.

ಹಾಜರಿ ಪುಸ್ತಕ ನನ್ನ ಮುಂದೆಯೇ ಇತ್ತು. ತಡವಾದದ್ದನ್ನು ನಾನು ಬರೆಯಲಿಲ್ಲ.