ಸುತ್ತಿಗೆ ನಿಂತ ಮೂವತ್ತು ಸೆಕೆಂಡು

ನಮಸ್ಕಾರ ಹೇಳಿದರೆ ಜನ ಎದ್ದು ಹೋಗುತ್ತಾರೆ. ವಿಡಿಯೋಗಳಿಗೆ ಮಾತು ಬರೆಯಲು ಕೂತಾಗ ನಾನು ಕಲಿತ ಮೊದಲ ಪಾಠ ಇದು. ಕಲಿಯುವಾಗ ನನಗೆ ಸಿಟ್ಟೇ ಬಂದಿತ್ತು. ಮನೆಗೆ ಬಂದವರಿಗೆ ನೀರು ಕೊಟ್ಟು ಮಾತಾಡಿಸಿ ಬೆಳೆದವಳು ನಾನು, ಇಲ್ಲಿ ಮಾತಾಡಿಸಿದರೆ ಬಾಗಿಲು ದಾಟುತ್ತಾರೆ ಎಂದರೆ ಹೇಗೆ?

ಹಿಂದೂಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಉಳಿದ ಹೊತ್ತಿನಲ್ಲಿ, ದಿನಬಳಕೆಯ ಸಂಗತಿಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಚಾನೆಲ್ಲಿಗೆ ಬರೆಯುತ್ತಿದ್ದೆ. ಚಿತ್ರ ತೆಗೆದು, ಕತ್ತರಿಸಿ, ದನಿ ಕೊಟ್ಟು ಅದನ್ನು ನಡೆಸುತ್ತಿದ್ದವನು ಕಲ್ಯಾಣದುರ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡ ಒಬ್ಬ. ನನ್ನ ತಂಗಿಯ ಮದುವೆಗೆ ವಿಡಿಯೋ ತೆಗೆಯಲು ಬಂದಿದ್ದ. ಊಟದ ಎಲೆ ಮುಂದೆ ಕೂತು ‘ಅಕ್ಕ’ ಎಂದ, ಆಮೇಲೆ ಹಾಗೇ ಕರೆದ. ನನಗೂ ತಮ್ಮನಿಲ್ಲ. ಅವನು ಕರೆದದ್ದನ್ನು ನಾನು ನಿಜವೆಂದೇ ತೆಗೆದುಕೊಂಡೆ.

ಪ್ರತಿ ವಿಡಿಯೋ ಹೊರಬಿದ್ದ ಮೇಲೆ ಅವನು ಒಂದು ಗೆರೆಯ ಚಿತ್ರ ಕಳಿಸುತ್ತಿದ್ದ. ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಗೆರೆ. ನಮ್ಮ ಮೊದಲ ವಿಡಿಯೋಗಳಲ್ಲಿ ಅದು ಶುರುವಿನಲ್ಲೇ ಜಾರುಬಂಡೆಯಿಂದ ಬಿದ್ದಂತೆ ಬೀಳುತ್ತಿತ್ತು. ಮೊದಲ ಮೂವತ್ತು ಸೆಕೆಂಡಿನಲ್ಲಿ ಅರ್ಧಕ್ಕರ್ಧ ಜನ ಮಾಯ. ಆ ಮೂವತ್ತು ಸೆಕೆಂಡಿಗೆ ಅವನು ‘ಹುಕ್’ ಎನ್ನುತ್ತಿದ್ದ. “ಅಕ್ಕ, ಅದನ್ನ ನೀನೇ ಬರ್ಕೊಡು. ಮಿಗಿಲಿಂದಿ ನಾನು ನೋಡ್ಕೊತೀನಿ” ಎಂದ. ಮಿಕ್ಕಿದ್ದು ತನಗಿರಲಿ ಎಂದು.

ಬರೆಯುತ್ತಾ ಕಲಿತೆ. ಹೊರಗಿನ ಚಿತ್ರ ಮತ್ತು ತಲೆಬರಹ ನೋಡಿ ಏನೋ ಆಸೆಯಿಂದ ಒತ್ತಿ ಬಂದವರಿಗೆ, ಬಂದದ್ದು ಸರಿಯಾದ ಜಾಗಕ್ಕೇ ಎಂದು ಮೊದಲ ವಾಕ್ಯದಲ್ಲೇ ತಿಳಿಯಬೇಕು. ಚಾನೆಲ್ಲಿನ ಪರಿಚಯ, ಸಂಗೀತ, ಲಾಂಛನ ಎಲ್ಲ ಆಚೆ. ಕಣ್ಣಿಗೆ ಒಂದು ವಸ್ತು ಕಾಣಬೇಕು, ಕಿವಿಗೆ ಒಂದು ಪ್ರಶ್ನೆ ಬೀಳಬೇಕು. ಉತ್ತರ ಇಲ್ಲಿದೆ ಎಂಬ ನಂಬಿಕೆ ಹುಟ್ಟಬೇಕು, ಆದರೆ ಉತ್ತರ ಆಗಲೇ ಸಿಗಬಾರದು. ಸುಳ್ಳು ಆಸೆ ತೋರಿಸಿದರೆ ಗೆರೆ ಸ್ವಲ್ಪ ತಡವಾಗಿ ಬೀಳುತ್ತದೆ, ಬೀಳುವುದಂತೂ ಖಂಡಿತ.

ನನ್ನ ಹುಕ್ಕುಗಳನ್ನು ಪರೀಕ್ಷೆ ಮಾಡುತ್ತಿದ್ದವಳು ಚಿಕ್ಕಮ್ಮ. ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಮಂಡಿಯಿಂದ ಹುಣಸೆಹಣ್ಣು ತರಿಸಿಕೊಂಡು, ಪಡಸಾಲೆಯಲ್ಲಿ ಕೂತು, ಸಣ್ಣ ಸುತ್ತಿಗೆಯಿಂದ ಕುಟ್ಟಿ ಬೀಜ ತೆಗೆದು ಕೊಡುತ್ತಾಳೆ. ಸಂಜೆ ಹೋಗಿ ಎದುರು ಕೂತು ಬರೆದದ್ದನ್ನು ಓದುತ್ತಿದ್ದೆ. ಹೇಗಿದೆ ಎಂದು ಕೇಳಿದರೆ “ಚೆನ್ನಾಗೈತೆ ಕಣಮ್ಮ” ಅನ್ನುತ್ತಾಳೆ, ಅಕ್ಕಿ ಆರಿಸುತ್ತಾ ಅರೆಗಿವಿಯಲ್ಲಿ ಕೇಳಿದಾಗಲೂ ಹಾಗೇ ಅನ್ನುತ್ತಾಳೆ, ಅದನ್ನು ನಂಬುವಂತಿಲ್ಲ. ನಾನು ನಂಬುತ್ತಿದ್ದದ್ದು ಸುತ್ತಿಗೆಯನ್ನು. ಟಕ್ ಟಕ್ ಎಂದು ನಡೆಯುತ್ತಲೇ ಇದ್ದರೆ ನನ್ನ ಬರಹ ಕಸ. ನಿಂತಿತೋ, ಗೆದ್ದೆ. ಓದುವಾಗ ಫೋನಿನಲ್ಲಿ ಆ ಸದ್ದನ್ನೂ ರೆಕಾರ್ಡ್ ಮಾಡಿ ಕಲ್ಯಾಣದುರ್ಗಕ್ಕೆ ಕಳಿಸುತ್ತಿದ್ದೆ. ಯಾವ ಮಾತಿಗೆ ಸುತ್ತಿಗೆ ನಿಂತಿದೆಯೋ ಅದಕ್ಕೆ ತಕ್ಕ ಚಿತ್ರವನ್ನು ಅವನು ಕೂರಿಸುತ್ತಿದ್ದ. ನಮ್ಮಿಬ್ಬರ ಈ ಉಪಾಯದ ಬಗ್ಗೆ ನನಗೆ ಜಂಬವೂ ಇತ್ತು. ರೆಕಾರ್ಡ್ ಮಾಡುವುದು ಚಿಕ್ಕಮ್ಮನಿಗೂ ಗೊತ್ತಿತ್ತು. “ನನ್ನ ಸುತ್ತಿಗೆನೂ ಕಲ್ಯಾಣದುರ್ಗಕ್ಕೆ ಹೋಗ್ಬತ್ತದೆ, ನಾನು ಮಾತ್ರ ಹೋಗಿಲ್ಲ” ಎಂದು ನಗುತ್ತಿದ್ದಳು.

ಹುಣಸೆಹಣ್ಣು ಯಾಕೆ ಕಪ್ಪಾಗುತ್ತದೆ ಎಂದು ಒಂದು ವಿಡಿಯೋ ಮಾಡೋಣ ಎಂದುಕೊಂಡೆವು. ‘ಹುಣಸೆಹಣ್ಣು ಕಪ್ಪಾಗಲು ಕಾರಣಗಳು’ ಎಂದು ಓದಿದೆ. ಟಕ್ ಟಕ್. ಮಂಡಿಯ ರಾಶಿ, ಕೋಲ್ಡ್ ಸ್ಟೋರೇಜು, ಬಣ್ಣ ನೋಡಿ ಬೆಲೆ ಕಟ್ಟುವುದು, ಎಲ್ಲ ಸೇರಿಸಿ ಇನ್ನೊಂದು ಓದಿದೆ. ಟಕ್ ಟಕ್. ವಾರವಿಡೀ ತಿದ್ದಿದೆ. ಕೊನೆಗೆ ಹೀಗೆ ಬರೆದೆ: “ಒಂದೇ ಮರದ ಹಣ್ಣು, ಎರಡು ಗಡಿಗೆ. ಒಂದು ಕೆಂಪಗೇ ಉಳಿಯಿತು, ಇನ್ನೊಂದು ಕಪ್ಪಾಯಿತು. ತುಂಬಿದವರ ಕೈಗುಣ ಅನ್ನುತ್ತಾರೆ. ನಿಜವಾಗಿ ಆ ಗಡಿಗೆಯೊಳಗೆ ಹೋದದ್ದು ಏನು?”

ಸುತ್ತಿಗೆ ನಿಂತಿತು. ನಿಂತದ್ದು ಮತ್ತೆ ಎದ್ದೇಳಲಿಲ್ಲ.

“ಏನು ಹೋದದ್ದು?” ಎಂದಳು ಚಿಕ್ಕಮ್ಮ.

“ಗಾಳಿ, ಚಿಕ್ಕಮ್ಮ. ಗಾಳಿ, ಸೆಕೆ, ತೇವ. ಬಾಯಿ ಸರಿಯಾಗಿ ಕಟ್ಟದಿದ್ದರೆ ಯಾರು ತುಂಬಿದ್ರೂ ಕಪ್ಪಾಗ್ತದೆ.”

“ಅಷ್ಟೇನಾ? ಕೈಗುಣ ಅಲ್ವಾ?”

“ಅಲ್ಲ.”

ಅವಳು ಸುತ್ತಿಗೆಯನ್ನು ಪಕ್ಕಕ್ಕಿಟ್ಟಳು. ಮದುವೆಯಾದ ವರ್ಷ ಪರಿಗಿಯ ಗಂಡನ ಮನೆಯಲ್ಲಿ ಅತ್ತೆ ವರ್ಷಕ್ಕಾಗುವ ಹುಣಸೆಹಣ್ಣನ್ನು ಅವಳ ಕೈಯಲ್ಲೇ ಗಡಿಗೆಗೆ ತುಂಬಿಸಿದ್ದರಂತೆ. ಅದು ಕಪ್ಪಾಗಿ ಹುಳ ಬಿತ್ತಂತೆ. “ಒಂದು ಗಡಿಗೆ ಹುಣಸೇಹಣ್ಣು ಕಪ್ಪಾಯ್ತು ಅಂತ ನನ್ನ ತವರಿಗೆ ಕಳಿಸ್ಬುಟ್ರು ಕಣಮ್ಮ. ನಿನ್ನ ಕೈ ತಾಕಿದ್ದು ಈ ಮನೇಲಿ ಉಳಿಯಲ್ಲ ಅಂದ್ರು” ಎಂದಳು. ಹೊಟ್ಟೆಯಲ್ಲಿ ಮಗುವಿದೆ ಎಂದು ತಿಳಿದ ಮೇಲೆಯೇ ಕರೆಸಿಕೊಂಡದ್ದು. ಮಕ್ಕಳಿಗೆ ಇದನ್ನು ಹೇಳಿಲ್ಲ, ಅವರಿಗೆ ಅಜ್ಜಿ ಅಂದರೆ ಪ್ರಾಣ, ಹೇಳುವುದೂ ಇಲ್ಲ ಎಂದಳು. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಇಬ್ಬರೂ ಸ್ವಲ್ಪ ಅತ್ತೆವು.

ಫೋನು ಓಡುತ್ತಲೇ ಇದ್ದದ್ದು ಮನೆಗೆ ಬಂದ ಮೇಲೆ ನೆನಪಾಯಿತು. ಸುತ್ತಿಗೆ ನಿಂತದ್ದು ಅವನಿಗೆ ಕೇಳಬೇಕಿತ್ತು. ಕತ್ತರಿಸುವುದು ನನಗೆ ಬರುತ್ತಿರಲಿಲ್ಲ, ಕಲಿಯಬಹುದಿತ್ತಲ್ಲ ಎನ್ನುವವರು ಎನ್ನಲಿ. ಇದ್ದದ್ದನ್ನು ಇದ್ದ ಹಾಗೇ ಕಳಿಸಿ, ಫೋನ್ ಮಾಡಿ ಹೇಳಿದೆ: “ಸುತ್ತಿಗೆ ನಿಲ್ಲೋವರೆಗೂ ಕೇಳು. ಆಮೇಲಿಂದು ನಮ್ಮ ಮನೆ ಮಾತು. ಕೇಳ್ಬೇಡ, ಅಳಿಸ್ಬುಡು.” “ಸರೇ ಅಕ್ಕ, ಅಳಿಸ್ತೀನಿ” ಎಂದ. ಮರುದಿನ ನಾನು ಕೇಳದೇ ಇದ್ದರೂ ಅಳಿಸಿದೆ ಎಂದು ಬರೆದು ಕಳಿಸಿದ. ಎಷ್ಟು ಮರ್ಯಾದಸ್ಥ ಹುಡುಗ ಎಂದುಕೊಂಡೆ. ನನಗೆ ಈಗಲೂ ಮೈ ಉರಿಯುವುದು ಆ ಒಂದು ಸಂದೇಶವನ್ನು ನೆನೆದಾಗ.

ವಿಡಿಯೋ ಬಂದ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಒತ್ತಿದೆ. ಮೊದಲು ಟಕ್ ಟಕ್. ಪರದೆಯ ಮೇಲೆ ಒಂದು ಗಡಿಗೆ. ಸದ್ದು ನಿಂತಿತು. ಆಮೇಲೆ ಚಿಕ್ಕಮ್ಮನ ದನಿ: “ಒಂದು ಗಡಿಗೆ ಹುಣಸೇಹಣ್ಣು ಕಪ್ಪಾಯ್ತು ಅಂತ ನನ್ನ ತವರಿಗೆ ಕಳಿಸ್ಬುಟ್ರು ಕಣಮ್ಮ...” ಅವಳು ಮೂಗೆಳೆದದ್ದನ್ನೂ ಬಿಟ್ಟಿರಲಿಲ್ಲ. ಅದು ಮುಗಿದ ಮೇಲೆ ಅವನ ದನಿ: “ತಪ್ಪು ಆ ಕೈಯದಾ? ಗಡಿಗೆ ಒಳಗೆ ನೋಡೋಣ.” ವಾರವಿಡೀ ನಾನು ತಿದ್ದಿದ ಸಾಲುಗಳ ಒಂದು ಪದವೂ ಇರಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಯಾವುದೆಂದರೆ, ಹುಕ್ಕು ಚೆನ್ನಾಗಿತ್ತು. ವಸ್ತು ಇತ್ತು, ಪ್ರಶ್ನೆ ಇತ್ತು, ಉತ್ತರ ಮುಂದಿತ್ತು. ಪಕ್ಕದಲ್ಲಿದ್ದ ಹಿಂದಿ ಟೀಚರಮ್ಮ ಚಪಾತಿ ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ನೋಡುತ್ತಾ, “ಪಾಪ, ಆಮೇಲೆ ಏನಾಯ್ತು?” ಎಂದರು.

ಅರ್ಧ ದಿನ ರಜೆ ಹಾಕಿ ಕಲ್ಯಾಣದುರ್ಗದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವನು ಫೋನು ಎತ್ತಲಿಲ್ಲ. ಸ್ಟುಡಿಯೋಕ್ಕೆ ಹೋದರೆ ಎದ್ದು ಕುರ್ಚಿ ಎಳೆದು ಕೊಟ್ಟ, ಟೀ ತರಿಸಲೇ ಎಂದ. ನಾನು ಬೈಯುವ ಮೊದಲೇ ಕಂಪ್ಯೂಟರಿನಲ್ಲಿ ಗೆರೆ ತೋರಿಸಿದ. ನಮ್ಮ ಯಾವ ವಿಡಿಯೋದಲ್ಲೂ ಕಾಣದಷ್ಟು ಮಟ್ಟಸವಾಗಿ ಹೋಗಿತ್ತು.

“ನೋಡಕ್ಕ, ಯಾರೂ ಎದ್ದೋಗಿಲ್ಲ” ಎಂದ. ಅವನ ಮುಖದಲ್ಲಿ ಖುಷಿಯೇ ಇತ್ತು.

“ಅಳಿಸಿದೆ ಅಂದ್ಯಲ್ಲೋ?”

“ಅಳಿಸೋಣ ಅಂತಾನೇ ಇದ್ದೆ. ಕೇಳಿದ್ ಮೇಲೆ ಮನಸ್ಸು ಬರ್ಲಿಲ್ಲ. ಹೆಸ್ರು ಹಾಕಿಲ್ಲ, ಮುಖ ಇಲ್ಲ. ಎವರಿಕಿ ತೆಲುಸ್ತುಂದಿ?”

“ಯಾರಿಗೆ ಗೊತ್ತಾಗ್ತದಾ? ಗಂಟಲು ಐತಲ್ಲೋ! ಆ ಗಂಟಲಲ್ಲಿ ಲಾಲಿ ಕೇಳಿದ ಮಕ್ಕಳಿದಾರೆ.”

“ನೀನೇ ಅಂತಿದ್ದೆ ಅಕ್ಕ, ಸುತ್ತಿಗೆ ನಿಂತ ಜಾಗಾನೇ ಹುಕ್ಕು ಅಂತ. ಅಲ್ಲೇ ಇಟ್ಟಿದೀನಿ.”

ನನ್ನ ಮಾತನ್ನೇ ನನ್ನ ಮೇಲೆ ಎಸೆದ. ನಂಬಿಸಿ ಕತ್ತು ಕುಯ್ಯುವುದು ಎನ್ನುತ್ತಾರಲ್ಲ, ಅದು ಇಷ್ಟು ನಯವಾಗಿ, ಕುರ್ಚಿ ಎಳೆದು ಕೊಟ್ಟು ಆಗುತ್ತದೆಂದು ಗೊತ್ತಿರಲಿಲ್ಲ. ಆ ಭಾಗ ತೆಗೆಯುವವರೆಗೂ ಏಳುವುದಿಲ್ಲ ಎಂದು ಕೂತೆ. ತೆಗೆದರೆ ಗೆರೆ ಬೀಳುತ್ತದೆ ಎಂದು ಗೋಗರೆದ. ಬೀಳಲಿ ಎಂದೆ. ಕೊನೆಗೆ ಏರಿಸಿದ ವಿಡಿಯೋದ ಮೊದಲ ತುಂಡನ್ನು ಕತ್ತರಿಸಿದ. ಬದಲಾದದ್ದು ಕಾಣಿಸಿಕೊಳ್ಳಲು ಹೊತ್ತು ಹಿಡಿಯಿತು, ಕಾಯುತ್ತಾ ಕೂತೆ. ಅಷ್ಟರಲ್ಲಿ ಯಾರೋ ಆ ಮೂವತ್ತು ಸೆಕೆಂಡನ್ನಷ್ಟೇ ಎತ್ತಿಕೊಂಡು ಫೋನಿಂದ ಫೋನಿಗೆ ಕಳಿಸಿಯಾಗಿತ್ತು. ಚಾನೆಲ್ಲಿನಲ್ಲಿ ಉತ್ತರ ಉಳಿಯಿತು, ಊರಿಗೆ ಪ್ರಶ್ನೆ ಮಾತ್ರ ಹೋಯಿತು. ಅವನ ಜೊತೆ ನಾನು ಆಡಿದ ಕೊನೆಯ ಮಾತು “ನನ್ನ ಅಕ್ಕ ಅನ್ಬೇಡ” ಎಂಬುದು.

ನಾನು ಊರು ಸೇರುವ ಮೊದಲೇ ಗೋರಂಟ್ಲದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿ, “ಅಮ್ಮಾ, ಅಜ್ಜಿ ನಿನ್ನ ಓಡಿಸಿದ್ಲಾ? ನಮಗ್ಯಾಕೆ ಹೇಳ್ಲಿಲ್ಲ?” ಎಂದು ಅತ್ತಿದ್ದಳು. ಪರಿಗಿಯಿಂದ ಮೈದುನ, ಸತ್ತ ತಾಯಿಯ ಮಾನ ಬೀದಿಗೆ ತಂದೆ ಎಂದು ಬೈದಿದ್ದ. ಚಿಕ್ಕಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದಳು. ನಾನು ನಡೆದದ್ದೆಲ್ಲ ಹೇಳಿದೆ, ಅಳಿಸು ಅಂದದ್ದು, ಅಳಿಸಿದೆ ಅಂದದ್ದು, ಬಸ್ಸು ಹತ್ತಿ ಹೋಗಿ ತೆಗೆಸಿದ್ದು. ಹೇಳುತ್ತಾ ಹೇಳುತ್ತಾ ಅದು ನನ್ನ ಕಿವಿಗೇ ನೆಪದಂತೆ ಕೇಳಿತು. ಸಮಾಧಾನಕ್ಕೆಂದು, ನಮಗೂ ಹೀಗೇ ಆಗಿತ್ತು ಎಂದು ಎಷ್ಟೋ ಹೆಂಗಸರು ವಿಡಿಯೋದ ಕೆಳಗೆ ಬರೆದದ್ದನ್ನು ಓದಿ ಹೇಳಲು ಹೋದೆ.

“ಅವರು ಯಾರಮ್ಮ?” ಎಂದಳು. “ನಾನು ಹೇಳಿದ್ದು ನಿಂಗೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೋಸ ಹೋದವಳು ನಾನು, ಅವಳ ಲೆಕ್ಕದಲ್ಲಿ ಮೋಸ ಮಾಡಿದವಳೂ ನಾನೇ. ಇದಕ್ಕೆ ಎಲ್ಲಿ ಹೋಗಿ ದೂರು ಕೊಡಲಿ?

ಮಾರನೆಯ ಸಂಜೆ ಹೋದಾಗ ಬಾಗಿಲಲ್ಲೇ ತಡೆದಳು. ಎಂದಿನಂತೆ ಮೆತ್ತಗೇ, “ಒಳಗೆ ಬಾರಮ್ಮ, ಕಾಫಿ ಕುಡಿಯುವಂತೆ. ಫೋನು ಆಚೆ ಇಟ್ಬಾ” ಎಂದಳು.

ಈಗಲೂ ಹೋಗುತ್ತೇನೆ. ಚಪ್ಪಲಿ ಬಿಡುವಲ್ಲಿ, ಕಿಟಕಿಯ ಕಟ್ಟೆ ಮೇಲೆ ಫೋನು ಇಟ್ಟು ಒಳಗೆ ಹೋಗಿ ಎದುರು ಕೂರುತ್ತೇನೆ. ಅವಳ ಮಗಳ ಸುದ್ದಿ ಕೇಳುತ್ತೇನೆ, ಶಾಲೆಯ ತಮಾಷೆ ಹೇಳುತ್ತೇನೆ. “ಹೌದಾ ಕಣಮ್ಮ” ಎನ್ನುತ್ತಾಳೆ, ಕಾಫಿ ಕೊಡುತ್ತಾಳೆ. ನಾನು ಏನು ಹೇಳಿದರೂ ಸುತ್ತಿಗೆ ನಿಲ್ಲುವುದಿಲ್ಲ.