ಸಿದ್ದಲಿಂಗಪ್ಪ ಮಾಸ್ತರರ ಬಾಕಿ ಪೆನ್ಶನ್

ನಮ್ಮ ಹೆಡ್ ಮಾಸ್ತರು ಸಿದ್ದಲಿಂಗಪ್ಪನವರು ನಿವೃತ್ತರಾದದ್ದು ಅರವತ್ತೆರಡನೇ ಇಸವಿಯಲ್ಲಿ. ಪೆನ್ಶನ್ ಕೈಗೆ ಬಂದದ್ದು ಅರವತ್ತನಾಲ್ಕರ ದೀಪಾವಳಿ ಕಳೆದ ಮೇಲೆ. ಅಲ್ಲಿತನಕ ಅವರ ಕಾಗದಗಳು ಯಾರ ಮೇಜಿನ ಮೇಲೆ ಬಿದ್ದಿದ್ದವೋ, ಅವರ ಮನೆ ಹಾಳಾಗಲಿ! ಮಾಸ್ತರರ ಕೈಕೆಳಗೆ ಹನ್ನೊಂದು ವರ್ಷ ಕಲಿಸಿದವನು ನಾನು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಹುಬ್ಬಳ್ಳಿ ಖಜಾನೆಯಲ್ಲಿ ಬಾಕಿಯೆಲ್ಲ ಒಂದೇ ಸಲ ಬಂತು. ಅದರಲ್ಲೂ ಹೆಚ್ಚುಕಡಿಮೆ ಒಂದು ತಿಂಗಳ ಪೆನ್ಶನ್ನಿನಷ್ಟು ತೆರಿಗೆ ಮುರಿದಿದ್ದರು. ಅಂದರೆ ಒಂದು ತಿಂಗಳ ಕೂಳು.

"ನೂರಾ ಎಂಬತ್ತರ ಪೆನ್ಶನ್ನಿಗೆ ತೆರಿಗಿ? ನಾಚಿಕಿ ಅನ್ನೂದು ಅದ ಏನು ನಿಮಗ?" ಮಾಸ್ತರು ಗುಡುಗಿದರು.

ಗುಮಾಸ್ತ ಚನ್ನಯ್ಯ ಎದ್ದು ನಿಂತ. "ತಿಂಗಳದ್ದಕ್ಕ ಬೀಳೂದಿಲ್ರಿ ಸರ. ಆದ್ರ ಈ ವರ್ಷ ಕೊಟ್ಟಿದ್ದೆಲ್ಲಾ ಈ ವರ್ಷದ ಆದಾಯ ಅಂತ ಹಿಡಿದು ಮುರೀಬೇಕ್ರಿ. ಆ ರೊಕ್ಕ ಇನ್‌ಕಮ್ ಟ್ಯಾಕ್ಸ್‌ನವರಿಗೆ ಜಮಾ ಆತು, ನಾವು ತಿರುಗಿ ಕೊಡಾಕ ಬರೂದಿಲ್ಲ. ಮುರಿದದ್ದಕ್ಕ ಸರ್ಟಿಫಿಕೇಟ್ ಕೊಡ್ತೀವಿ. ಜೂನ್ ಮುಗಿಯೂದ್ರಾಗ ರಿಟರ್ನ್ ತುಂಬ್ರಿ. ಬಾಕಿ ಯಾವ್ಯಾವ ವರ್ಷದ್ದೋ ಆಯಾ ವರ್ಷಕ್ಕ ಹಂಚಿ ರಿಯಾಯ್ತಿ ಕೊಡ್ರಿ ಅಂತ ಅಲ್ಲೇ ಅರ್ಜಿ ಹಾಕ್ರಿ."

"ರಿಟರ್ನ್ ತುಂಬಾಕ ನಾ ಏನ್ ಹತ್ತಿ ವ್ಯಾಪಾರಿ ಏನೋ? ಕಳ್ಳ ಲೆಕ್ಕಾ ಬರದೋರು ತುಂಬ್ತಾರ ಅದನ್ನ!"

ಸರ್ಟಿಫಿಕೇಟು ಟ್ರಂಕು ಸೇರಿತು. ಜೂನ್ ಬಂದರೂ ಮಾಸ್ತರು ಕಟ್ಟೆಯ ಮೇಲೆ ಕೂತು ಸರಕಾರಕ್ಕೆ ಬೈಯುತ್ತಲೇ ಇದ್ದರು. ನನಗೂ ತಡೆಯಲಾಗಲಿಲ್ಲ. "ಸರ, ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದಮ್ಯಾಲೆ ಬರೂದಿಲ್ರಿ. ತುಂಬ್ತೀರೋ ಇಲ್ಲೋ?" ಎಂದು ನಾನೇ ಜೋರು ಮಾಡಿ ಫಾರ್ಮು ತುಂಬಿಸಿದೆ.

ತೆರಿಗೆ ಕಚೇರಿಗೆ ನಮ್ಮ ಜೊತೆ ಮಾಸ್ತರರ ಹೆಂಡತಿ ಮುರಿಗೆವ್ವನೂ ಹೊರಟಳು. ಗಂಡನನ್ನು ಅವರಷ್ಟಕ್ಕೆ ಬಿಟ್ಟರೆ ಜಗಳ ಮಾಡಿ ಬರುತ್ತಾರೆಂದು ಅವಳಿಗೆ ಗೊತ್ತಿತ್ತು.

ಅಧಿಕಾರಿ ಕಾಗದಗಳನ್ನೆಲ್ಲ ನೋಡಿದರು. "ಹಂಚಿದ್ರ ಯಾವ ವರ್ಷಕ್ಕೂ ತೆರಿಗಿ ಬೀಳೂದಿಲ್ರಿ, ಪೂರಾ ವಾಪಸ್ ಬರ್ತದ. ಆ ವರ್ಷಗಳಾಗ ಬ್ಯಾರೆ ಆದಾಯ ಏನರ ಇತ್ತೇನ್ರಿ?"

"ಬಿಡಿಗಾಸಿಲ್ಲ."

"ಮತ್ತ ಸಂಸಾರ ಹ್ಯಾಂಗ ನಡೀತ್ರಿ?"

"ಇಕಿ ಅಣ್ಣ ಜೋಳಾ, ರೊಕ್ಕಾ ಕಳಸ್ತಿದ್ದ" ಎಂದರು ಮಾಸ್ತರು.

"ನಮ್ಮಣ್ಣ ಒಂದ ಹಿಡಿ ಜೋಳಾ ಕಳಿಸಿಲ್ರಿ" ಎಂದಳು ಮುರಿಗೆವ್ವ. "ನನ್ನ ಬಂಗಾರದ ಬಳಿ ಮಾರೇನ್ರಿ, ಒಂದೊಂದಾಗಿ. ಅದೂ ಆದಾಯ ಏನ್ರಿ ಸಾಹೇಬರ? ಆಗಿದ್ರ ಬರಕೋರಿ, ಅದಕ್ಕೂ ತೆರಿಗಿ ಮುರೀರಿ!"

ಅಧಿಕಾರಿ ಲೇಖನಿ ಕೆಳಗಿಟ್ಟರು. "ಇಲ್ರಿ ತಾಯಿ, ಅದು ಆದಾಯ ಅಲ್ಲ" ಎಂದು ಮೆಲ್ಲಗೆ ಹೇಳಿ ಅರ್ಜಿ ತೆಗೆದುಕೊಂಡರು.

ಮಾಸ್ತರು ಹೊರಗೆ ಬಂದ ಮೇಲೆ ಹೆಂಡತಿಯ ಕೈ ಹಿಡಿದು ನೋಡಿದರು. ಬರೀ ಗಾಜಿನ ಬಳೆ.

"ಇಷ್ಟ ದಿನಾ ನಾ ಇದನ್ನ ನೋಡಲೇ ಇಲ್ಲೇನ?"

"ಎಲ್ಲಿ ನೋಡ್ತೀರಿ?" ಮುರಿಗೆವ್ವ ಕೈ ಬಿಡಿಸಿಕೊಂಡಳು. "ಸರಕಾರಕ್ಕ ಬೈಯೂದ್ರಾಗ ನಿಮಗ ಹೊತ್ತು ಸಾಲತಿರಲಿಲ್ಲ."