ಕಾಲು ಪಾಯಿಂಟಿನ ಅತ್ತೆ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಮೂವತ್ತೊಂದು ವರ್ಷದಿಂದ ಒಂದೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಗೋಡೆ ತುಂಬ ಇರುವ ಆ ಚಿಕ್ಕ ಚಿಕ್ಕ ಡ್ರಾಯರುಗಳಲ್ಲಿ ಯಾವ ಮಾತ್ರೆ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಒಲೆಯ ಮೇಲೆ ಹಾಲಿಟ್ಟದ್ದು ಮಾತ್ರ ಅವರಿಗೆ ಯಾವತ್ತೂ ನೆನಪಿರುವುದಿಲ್ಲ. ಹಾಲು ಉಕ್ಕಿ, ಒಲೆ ಆರಿ, ಸುಟ್ಟ ವಾಸನೆ ಬೀದಿಗೆ ಬಂದಿರುತ್ತದೆ. ಇವರು ಕಿಟಕಿಯ ಸರಳು ಹಿಡಿದುಕೊಂಡು ಬೇರೆ ಯಾವುದೋ ಲೋಕದಲ್ಲಿ ನಿಂತಿರುತ್ತಾರೆ. ಒಲೆ ಉಜ್ಜುವವಳು ನಾನು. ಆದ್ದರಿಂದ ಅವರ ಬಗ್ಗೆ ನಾಲ್ಕು ಮಾತು ಖಾರವಾಗಿ ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಆ ಬೇರೆ ಲೋಕ ಯಾವುದೆಂದರೆ ಚೆಸ್ ಕ್ಲಬ್ಬು. ಕ್ಲಬ್ಬು ಎಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಮೂರು ಮೇಜು, ಆರು ಜನ. ಆ ಸೈಕಲ್ ಅಂಗಡಿಯ ಮಾಲೀಕರು, ಪೋಸ್ಟ್‌ಮ್ಯಾನ್, ಹಲ್ಲಿನ ಡಾಕ್ಟರು, ಗಣಿತದ ಮೇಷ್ಟ್ರು, ಟೈಲರು, ನಮ್ಮ ಅತ್ತೆ. ಕೆಳಗಿನಿಂದ ರಬ್ಬರಿನ, ಗ್ರೀಸಿನ ವಾಸನೆ ಬರುತ್ತಿರುತ್ತದೆ. ಮಧ್ಯಾಹ್ನದ ಬಿಸಿಲು ಮೇಜಿನಿಂದ ಮೇಜಿಗೆ ಸರಿಯುತ್ತದೆ, ಮಾತಿಲ್ಲ, ಕತೆಯಿಲ್ಲ. ಊಟ ತಲುಪಿಸಲು ಹೋದ ನನಗೇ ಎಷ್ಟೋ ಸಲ ಅಲ್ಲಿ ಕೂತಲ್ಲೇ ತೂಕಡಿಕೆ ಬಂದಿದೆ.

ವರ್ಷಕ್ಕೊಮ್ಮೆ ಅವರ ಪಂದ್ಯಾವಳಿ. ಪ್ರತಿಯೊಬ್ಬರೂ ಉಳಿದ ಐವರ ಜೊತೆ ಒಂದೊಂದು ಆಟ ಆಡಬೇಕು. ಐದು ಭಾನುವಾರ, ಭಾನುವಾರಕ್ಕೆ ಮೂರು ಆಟ, ಒಟ್ಟು ಹದಿನೈದು. ಗೆದ್ದರೆ ಒಂದು ಪಾಯಿಂಟು, ಡ್ರಾ ಆದರೆ ಇಬ್ಬರಿಗೂ ಅರ್ಧ, ಸೋತರೆ ಸೊನ್ನೆ. ಇದನ್ನೆಲ್ಲ ಬರೆದಿಡುವ ಕೆಲಸ ಹತ್ತೊಂಬತ್ತು ವರ್ಷದಿಂದ ಅತ್ತೆಯದು. ದಪ್ಪ ಹಾಳೆಯಲ್ಲಿ ಆರು ಸಾಲು, ಆರು ಕಂಬ ಎಳೆಯುತ್ತಾರೆ. ಅಡ್ಡಕ್ಕೂ ಆರು ಹೆಸರು, ಉದ್ದಕ್ಕೂ ಅದೇ ಆರು ಹೆಸರು. ಒಬ್ಬೊಬ್ಬರ ಸಾಲು ಅವರದೇ ಕಂಬವನ್ನು ದಾಟುವ ಮನೆಗೆ ನೀಲಿ ಪೆನ್ಸಿಲಿನಿಂದ ಬಣ್ಣ ತುಂಬುತ್ತಾರೆ, ಯಾಕೆಂದರೆ ಯಾರೂ ತಮ್ಮ ಜೊತೆ ತಾವೇ ಆಡುವಂತಿಲ್ಲ. ಐದು ವಾರವೂ ಆ ಪಟ್ಟಿ ಕ್ಲಬ್ಬಿನ ಗೋಡೆಯ ಮೇಲಿರುತ್ತದೆ.

"ಕನಸಲ್ಲಿ ನಾನು ಅದರೊಳಗೇ ಓಡಾಡ್ತಿರ್ತೀನಿ ಕಣೇ," ಎಂದು ಒಮ್ಮೆ ಹೇಳಿದ್ದರು. "ಒಂದೊಂದು ಮನೇಲೂ ಇಬ್ಬಿಬ್ರು ಕೂತಿರ್ತಾರೆ. ಬಾಗಿಲು ತೆಗೆದು ನೋಡಿ, ಸದ್ದಾಗದ ಹಾಗೆ ಮುಚ್ಚಿ, ಮುಂದಿನ ಮನೆಗೆ ಹೋಗ್ತೀನಿ. ನೀಲಿ ಮನೆಗಳು ಮಾತ್ರ ಖಾಲಿ. ಅಲ್ಲಿ ಹೋಗಿ ಸ್ವಲ್ಪ ಹೊತ್ತು ಮಲಗ್ತೀನಿ."

ಕನಸಿನೊಳಗೂ ಮಲಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ಮೊದಲನೆಯವರಾಗಿರಲಿಲ್ಲ. ಮೊದಲು ಬಂದವರನ್ನು ಸಮುದ್ರದ ದಂಡೆಯ ದೊಡ್ಡ ಊರಿನ ಪಂದ್ಯಾವಳಿಗೆ ಕಳಿಸುತ್ತಾರೆ. ಕ್ಲಬ್ಬಿಗೆ ಒಂದೇ ಜಾಗ. ಸಾಧಾರಣವಾಗಿ ಮೇಷ್ಟ್ರೇ ಹೋಗುತ್ತಿದ್ದರು, ಬಂದ ಮೇಲೆ ವರ್ಷವಿಡೀ ಅದನ್ನೇ ಹೇಳುತ್ತಿದ್ದರು. ಅತ್ತೆ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ನೂರು ಮೇಜು ಹಾಕಿರುವ ಹಾಲ್ ಎಷ್ಟು ಉದ್ದ ಇರುತ್ತದೆ, ಅಷ್ಟು ಜನ ಸುಮ್ಮನಿದ್ದಾಗ ಸಮುದ್ರ ಕೇಳಿಸುತ್ತದಾ ಎಂದು ಕೇಳುತ್ತಿದ್ದರು. ಮೇಷ್ಟ್ರಿಗೆ ಅದೆಲ್ಲ ಗಮನಕ್ಕೇ ಬಂದಿರಲಿಲ್ಲ.

ಈ ವರ್ಷ ಐದನೆಯ ಭಾನುವಾರ ಮುಗಿದಾಗ ಅತ್ತೆಗೂ ನಾಲ್ಕು ಪಾಯಿಂಟು, ಮೇಷ್ಟ್ರಿಗೂ ನಾಲ್ಕು. ಹಾಗೆ ಸಮಸಮ ಬಂದರೆ ಮೊದಲು ಅವರಿಬ್ಬರ ನಡುವಿನ ಆಟ ನೋಡಬೇಕು. ಅದು ಡ್ರಾ ಆಗಿತ್ತು. ಆಮೇಲೆ ನೋಡುವುದು, ಯಾರು ಯಾರನ್ನು ಸೋಲಿಸಿದರು ಎಂಬ ತೂಕ. ನೀವು ಸೋಲಿಸಿದವರು ಒಟ್ಟು ಗಳಿಸಿದ ಪಾಯಿಂಟನ್ನು ಪೂರ್ತಿ, ಡ್ರಾ ಮಾಡಿಕೊಂಡವರದ್ದನ್ನು ಅರ್ಧ ಕೂಡಿಸಬೇಕು. ಬಲವಾದವರನ್ನು ಗೆದ್ದರೆ ತೂಕ ಹೆಚ್ಚು. ಅತ್ತೆಯ ತೂಕ ಎಂಟು ಬಂತು, ಮೇಷ್ಟ್ರದ್ದು ಏಳೂಮುಕ್ಕಾಲು.

ಕಾಲು ಪಾಯಿಂಟು! ಮೇಷ್ಟ್ರು ಮೂರು ಸಲ ಕೂಡಿಸಿ ನೋಡಿದರು, ಆಮೇಲೆ ದೊಡ್ಡ ಮನಸ್ಸು ಮಾಡಿ ಅತ್ತೆಯ ಕೈ ಕುಲುಕಿದರು. ಮುಂದಿನ ಭಾನುವಾರ ಎಲ್ಲರೂ ಹಾಳೆಗೆ ಸಹಿ ಹಾಕಿದರೆ ಮುಗಿಯಿತು, ಹೆಸರು ಕಳಿಸುವುದೇ. ಅತ್ತೆ ಅಂಗಡಿಯಲ್ಲಿ ನಾಲ್ಕು ದಿನ ರಜೆ ಕೇಳಿದರು. ಆ ವಾರವೆಲ್ಲ ಅವರ ಕಾಲು ನೆಲದ ಮೇಲಿರಲಿಲ್ಲ. ನನ್ನದೂ ಅಷ್ಟೇ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಸಹಿಗೆ ಮುಂಚೆ ಅತ್ತೆಯದೊಂದು ಅಭ್ಯಾಸವಿದೆ. ಹದಿನೈದು ಆಟಗಳನ್ನೂ ಅಡುಗೆಮನೆಯ ಮೇಜಿನ ಮೇಲೆ ಒಂದೊಂದಾಗಿ ಆಡಿ ನೋಡುತ್ತಾರೆ. ಇದು ಯಾವ ನಿಯಮದಲ್ಲೂ ಇಲ್ಲ, ಅವರಿಗೆ ಅದೊಂದು ಸುಖ, ಅಷ್ಟೇ. ಕ್ಲಬ್ಬಿನ ಕ್ರಮ ಹೀಗೆ: ಗೆದ್ದವರು ಚೀಟಿಯಲ್ಲಿ ಎರಡು ಹೆಸರು ಬರೆಯಬೇಕು. ಮೇಲಿನದು ಗೆದ್ದವರದು, ಕೆಳಗಿನದು ಸೋತವರದು. ನಡೆಗಳನ್ನು ಬರೆದುಕೊಂಡ ಹಾಳೆಯನ್ನು ಅದರ ಜೊತೆ ಮಡಚಿ ಡಬ್ಬಿಗೆ ಹಾಕಬೇಕು. ಅತ್ತೆ ಪಟ್ಟಿ ತುಂಬುವಾಗ ಚೀಟಿ ಮಾತ್ರ ನೋಡುತ್ತಾರೆ.

ಶನಿವಾರ ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದೆ. ಡಾಕ್ಟರು ಮತ್ತು ಟೈಲರು ಎರಡನೆಯ ಭಾನುವಾರ ಆಡಿದ ಆಟವನ್ನು ಇಟ್ಟುಕೊಂಡು ಅತ್ತೆ ಕೂತಿದ್ದರು. ಡಾಕ್ಟರದ್ದು ಬಿಳಿ, ಟೈಲರದ್ದು ಕಪ್ಪು.

"ಬಾ ಇಲ್ಲಿ," ಎಂದರು. "ಈ ಬಿಳಿ ರಾಜನ್ನ ನೋಡು. ಮೂಲೇಲಿ ನಿಂತಿದಾನೆ. ಸುತ್ತ ಅವನ ಕಡೆಯವರೇ, ಕಾಲಿಡಕ್ಕೂ ಜಾಗ ಇಲ್ಲ. ಕಪ್ಪು ಕುದುರೆ ಬಂದು ಚೆಕ್ ಕೊಡ್ತು. ಕುದುರೇನ ಹೊಡೆಯೋರೂ ಇಲ್ಲ."

"ಅಂದ್ರೆ?"

"ಅಂದ್ರೆ ಟೈಲರ್ ಗೆದ್ದಿದಾರೆ."

ಚೀಟಿಯಲ್ಲಿ ಡಾಕ್ಟರ ಹೆಸರು ಮೇಲಿತ್ತು, ಟೈಲರ ಹೆಸರು ಕೆಳಗೆ. ಅಕ್ಷರ ಟೈಲರದೇ. ಹನ್ನೊಂದು ವರ್ಷದಿಂದ ಆಡುತ್ತಿರುವ ಆ ಮನುಷ್ಯ ಒಂದು ಆಟವನ್ನೂ ಗೆದ್ದಿರಲಿಲ್ಲ, ಒಂದು ಚೀಟಿಯನ್ನೂ ಬರೆದಿರಲಿಲ್ಲ. ಮೊದಲ ಸಲ ಬರೆಯುವಾಗ, ಡಾಕ್ಟರಲ್ಲವೇ ದೊಡ್ಡವರು ಎಂದು ಅವರ ಹೆಸರನ್ನು ಮೇಲೆ ಬರೆದುಬಿಟ್ಟಿದ್ದರು. ಅತ್ತೆ ಅದನ್ನು ನೋಡಿ ಡಾಕ್ಟರ ಸಾಲಿಗೆ ಒಂದು, ಟೈಲರ ಸಾಲಿಗೆ ಸೊನ್ನೆ ಹಾಕಿದ್ದರು. ಎಲ್ಲರ ಪಾಯಿಂಟು ಕೂಡಿಸಿದರೆ ಹದಿನೈದೇ ಬರುತ್ತಿದ್ದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅತ್ತೆ ಪೆನ್ಸಿಲ್ ತೆಗೆದುಕೊಂಡರು. ಡಾಕ್ಟರಿಗೆ ಎರಡೂವರೆ ಇದ್ದದ್ದು ಒಂದೂವರೆ ಆಯಿತು. ಟೈಲರಿಗೆ ಸೊನ್ನೆ ಇದ್ದದ್ದು ಒಂದಾಯಿತು. ಅತ್ತೆ ಆ ಇಬ್ಬರನ್ನೂ ಸೋಲಿಸಿದ್ದರು, ಹಾಗಾಗಿ ಅಲ್ಲಿ ಹೋದ ಒಂದು ಇಲ್ಲಿ ಬಂದು ಅವರ ತೂಕ ಎಂಟೇ ಉಳಿಯಿತು. ಮೇಷ್ಟ್ರು ಟೈಲರನ್ನು ಸೋಲಿಸಿದ್ದರು, ಡಾಕ್ಟರ ಜೊತೆ ಡ್ರಾ. ಅವರಿಗೆ ಟೈಲರ ಕಡೆಯಿಂದ ಒಂದು ಪೂರ್ತಿ ಬಂತು, ಡಾಕ್ಟರ ಕಡೆಯಿಂದ ಹೋದದ್ದು ಅರ್ಧ ಮಾತ್ರ. ಏಳೂಮುಕ್ಕಾಲು ಎಂಟೂಕಾಲಾಯಿತು.

"ಮೇಷ್ಟ್ರು ಮೊದಲು," ಎಂದರು ಅತ್ತೆ, ಮಾತ್ರೆಯ ಹೆಸರು ಓದುವ ಧ್ವನಿಯಲ್ಲಿ.

ನನಗೆ ಮೈಯೆಲ್ಲ ಉರಿದುಹೋಯಿತು. "ನೀವು ಆಡದೇ ಇರೋ ಆಟ ಅದು! ಆ ಇಬ್ಬರೂ ಬಾಯಿ ಮುಚ್ಕೊಂಡಿದಾರೆ. ನಿಮಗ್ಯಾಕೆ ಬೇಕು? ಆ ಹಾಳೆ ಇಲ್ಲಿ ಕೊಡಿ, ಹರಿದು ಒಲೆಗೆ ಹಾಕ್ತೀನಿ."

"ಕುದುರೆ ಅಷ್ಟು ಚೆನ್ನಾಗಿ ಬಂದಿದೆ ಕಣೇ," ಎಂದರು ಅವರು. ಕಣ್ಣು ತುಂಬಿತ್ತು. ಅದು ಸಮುದ್ರಕ್ಕಾಗಿ ಎಂದು ನನಗೆ ಗೊತ್ತಿತ್ತು. ಆದರೂ ಹಾಳೆಯನ್ನು ನನ್ನ ಕೈಗೆ ಕೊಡಲಿಲ್ಲ.

ಭಾನುವಾರ ನಾನೂ ಹೋದೆ, ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೋದೆ ಎನ್ನಿ. ಅತ್ತೆ ಎಲ್ಲರ ಮುಂದೆ ಹಲಗೆಯ ಮೇಲೆ ಆ ಕೊನೆಯ ಸ್ಥಿತಿಯನ್ನು ಇಟ್ಟು ತೋರಿಸಿದರು. ಡಾಕ್ಟರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು, "ನಾನು ಪಟ್ಟಿ ಸರಿಯಾಗಿ ನೋಡ್ಲೇ ಇಲ್ಲ," ಎಂದರು. ಮೂರು ವಾರ ಅದರ ಎದುರಿನ ಕುರ್ಚಿಯಲ್ಲೇ ಕೂತಿದ್ದ ಮನುಷ್ಯ! ಟೈಲರಿಗೆ ಸೋತದ್ದನ್ನು ಗೋಡೆಯ ಮೇಲಿನ ಪಟ್ಟಿಯೇ ಮುಚ್ಚಿಟ್ಟಿರುವಾಗ ಅವರ್ಯಾಕೆ ಬಾಯಿ ಬಿಡುತ್ತಾರೆ?

ಟೈಲರು ಕಿಟಕಿಯ ಹತ್ತಿರ ನಿಂತಿದ್ದರು. ಸಣ್ಣ ಮೈಯ, ಮಾತು ಕಡಿಮೆಯ ಮನುಷ್ಯ. ರಜೆಯ ದಿನವೂ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿರುತ್ತದೆ. ಮನೆಯಲ್ಲಿ ಅವರೊಬ್ಬರೇ.

"ನೀವು ನೋಡಿರಲಿಲ್ವಾ?" ಎಂದು ಅತ್ತೆ ಕೇಳಿದರು.

"ನೋಡಿದ್ದೆ ಮೇಡಂ. ಮೂರನೇ ಭಾನುವಾರವೇ ನೋಡಿದೆ. ಹೇಳೋಣ ಅಂದ್ಕೊಂಡೆ, ನಾಚಿಕೆ ಆಯ್ತು. ಆಮೇಲೆ ಕೊನೇ ವಾರ..." ಅವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಕೊನೇ ವಾರ ನಾನೂ ಕೂಡಿಸಿ ನೋಡಿದೆ. ಬಟ್ಟೆ ಮೇಲೆ ಚಾಕ್‌ನಲ್ಲಿ. ನನಗೆ ಸೊನ್ನೆ ಇದ್ರೂ ಕೊನೆ, ಒಂದಿದ್ರೂ ಕೊನೆ. ಆದ್ರೆ ಸೊನ್ನೆ ಇದ್ರೆ ನೀವು ಮೊದಲು."

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಹನ್ನೊಂದು ವರ್ಷದಲ್ಲಿ ನಿಮ್ಮದು ಇದೊಂದೇ ಗೆಲುವು," ಎಂದರು ಅತ್ತೆ.

"ಹೌದು."

"ಅದನ್ನ ಕೊಟ್ಟುಬಿಟ್ರಾ?"

"ನೀವು ಸಮುದ್ರದ ವಿಷಯ ಕೇಳ್ತಾ ಇದ್ರಲ್ಲ," ಎಂದರು ಟೈಲರು.

ಜಗಳಕ್ಕೆಂದು ಹೋದವಳು ನಾನು. ಸಿಕ್ಕಿಸಿದ್ದ ಸೆರಗನ್ನು ಮೆಲ್ಲಗೆ ಬಿಚ್ಚಿಕೊಂಡೆ. ಈ ಮನುಷ್ಯನನ್ನು ಎಷ್ಟೋ ಸಲ ಮೆಟ್ಟಿಲ ಮೇಲೆ ದಾಟಿಕೊಂಡು ಹೋಗಿದ್ದೇನೆ, ಒಂದು ದಿನ ನೆಟ್ಟಗೆ ಮುಖ ನೋಡಿ ಮಾತಾಡಿಸಿರಲಿಲ್ಲ.

ಅತ್ತೆ ಪಟ್ಟಿಯ ಹತ್ತಿರ ಹೋದರು. ಟೈಲರ ಸಾಲಿನ ಸೊನ್ನೆಯ ಮೇಲೆ ಅಡ್ಡಗೆರೆ ಎಳೆದು ಕೆಂಪು ಶಾಯಿಯಲ್ಲಿ ಒಂದು ಎಂದು ಬರೆದರು. ಡಾಕ್ಟರ ಸಾಲಿನ ಒಂದನ್ನು ಸೊನ್ನೆ ಮಾಡಿದರು. ತೂಕಗಳನ್ನು ತಿದ್ದಿ, ಮೇಷ್ಟ್ರ ಹೆಸರನ್ನು ಮೊದಲು, ತಮ್ಮದನ್ನು ಎರಡನೆಯದಾಗಿ ಬರೆದು, ಪೆನ್ನನ್ನು ಸಹಿಗೆ ಮೇಷ್ಟ್ರ ಕೈಗೆ ಕೊಟ್ಟರು. ಆಮೇಲೆ ಟೈಲರ ಎದುರು ಕುರ್ಚಿ ಎಳೆದುಕೊಂಡು ಕೂತು, "ಆ ಕುದುರೆ ನಡೆ ನಿಮಗೆ ಹೇಗೆ ಹೊಳೀತು, ಮೊದಲಿಂದ ತೋರಿಸಿ," ಎಂದರು. ಅವರಿಬ್ಬರೂ ಆ ಆಟವನ್ನು ಎರಡು ಸಲ ಆಡಿದರು. ಬಿಸಿಲು ಮೂರನೆಯ ಮೇಜಿನಿಂದಲೂ ಇಳಿದುಹೋಗಿತ್ತು.

ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅತ್ತೆಯ ನಡಿಗೆ ನಿಧಾನವಾಯಿತು. ಸಮುದ್ರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ ಎಂದು ನಾನೇ ಏನೋ ಸಮಾಧಾನ ಹೇಳಲು ಹೋದೆ.

"ಅದಕ್ಕಲ್ಲ ಕಣೇ," ಎಂದರು. "ಇಷ್ಟು ವರ್ಷದಲ್ಲಿ ನನಗೋಸ್ಕರ ಯಾರೂ ಒಂದು ಸಿಪಾಯಿ ಕೂಡ ಬಿಟ್ಟುಕೊಟ್ಟಿರಲಿಲ್ಲ. ನೀನು ಸ್ವಲ್ಪ ಮುಂದೆ ನಡಿ. ನನಗೆ ಒಂಚೂರು ಅಳಬೇಕು."